ಚಮಚ ವಾರೆ ಮಾಡಿದಾಗ

ತಾಂಬಾದ ನಮ್ಮ ಓಣಿಯ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಾರೆ. ಆ ಸಲ ನಮ್ಮ ಕೂಸಿನ ತೂಕ 9 ಕಿಲೋ 200 ಗ್ರಾಂ ಬಂತು. ಅಕ್ಕೋರು ತಾಯಿ ಕಾರ್ಡಿನಲ್ಲಿ ಚುಕ್ಕೆ ಇಟ್ಟು, ಹಿಂದಿನ ಚುಕ್ಕೆಗಳಿಗೆ ಗೆರೆ ಜೋಡಿಸಿದರು. ಚುಕ್ಕೆ ಹಸಿರು ಪಟ್ಟಿಯೊಳಗೇ ಇತ್ತು. ನಾನು ಸಮಾಧಾನದಿಂದ ಕಾರ್ಡು ಮಡಚಲು ಹೋದೆ. ಅಕ್ಕೋರು ಕೈ ಹಿಡಿದು ನಿಲ್ಲಿಸಿದರು.

“ಬಾಯಾರ, ಬಣ್ಣ ನೋಡಬ್ಯಾಡ್ರಿ, ಗೆರಿ ನೋಡ್ರಿ. ಹದಿನೈದು ತಿಂಗಳಿದ್ದಾಗ 9 ಕಿಲೋ 100 ಇತ್ತು. ಈಗ ಹದಿನೆಂಟು. ಮೂರು ತಿಂಗಳಾಗ ನೂರು ಗ್ರಾಂ ಏರೈತಿ. ಗೆರಿ ಮಲಗಿಬಿಟ್ಟೈತಿ.”

ಈ ವಯಸ್ಸಿನ ಮಗು ತಿಂಗಳಿಗೆ ಸುಮಾರು 200 ಗ್ರಾಂ ಏರಬೇಕು. ಮೂರು ತಿಂಗಳಲ್ಲಿ 600 ಆಗಬೇಕಾದಲ್ಲಿ 100 ಆಗಿತ್ತು. ಮಗುವಿಗೆ ಜ್ವರ ಬಂದಿರಲಿಲ್ಲ, ಭೇದಿಯೂ ಆಗಿರಲಿಲ್ಲ. ಮನೆಗೆ ಬಂದು ಹೇಳಿದಾಗ ನಮ್ಮ ಅತ್ತಿಯವರಿಗೆ ನನಗಿಂತ ಹೆಚ್ಚು ನೋವಾಯಿತು. ನಾನು ಶಾಲೆಗೆ ಹೋದ ಮೇಲೆ ಕೂಸಿಗೆ ಉಣಿಸುವವರು ಅವರೇ. “ದಿನಾ ಪೂರ್ತಿ ಬಾಯಿ ಆಡಸತೈತಿ ಯವ್ವಾ, ಒಂದ ತಾಸು ಸುಮ್ಮ ಕೂಡೂದಿಲ್ಲ. ಹೊಟ್ಟಿ ತುಂಬಿಲ್ಲಂದ್ರ ಹೆಂಗ?” ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೂಸಿನ ಹೊಟ್ಟೆ ತುಂಬುತ್ತಲೇ ಇತ್ತು. ಏನು ತುಂಬುತ್ತಿತ್ತು ಎಂಬುದನ್ನು ನಾವಿಬ್ಬರೂ ನೋಡಿರಲಿಲ್ಲ.

ಆ ಭಾನುವಾರ ನಾನು ಅಡುಗೆಮನೆಯ ಸಣ್ಣ ತಕ್ಕಡಿ ಹೊರಗೆ ತೆಗೆದೆ. ಯಾವುದನ್ನೂ ಬದಲಿಸದೆ, ಅತ್ತಿ ಎಂದಿನಂತೆ ಉಣಿಸಲಿ, ನಾನು ಬರೆದುಕೊಳ್ಳುತ್ತೇನೆ ಎಂದು ಗೊತ್ತು ಮಾಡಿಕೊಂಡೆವು. ಕೊಡುವ ಮುಂಚೆ ಬಟ್ಟಲು ತೂಗುವುದು, ಉಳಿದದ್ದನ್ನು ತೂಗುವುದು. ಅದರ ಜೊತೆ ಲಂಗದ ಮೇಲೆ, ಚಾಪೆಯ ಮೇಲೆ ಬಿದ್ದದ್ದನ್ನೂ ಬಳಿದು ತೂಗುವುದು. ಈ ಕೊನೆಯದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ. ಒಂದೂವರೆ ವರ್ಷದ ಮಗು ತಾನೇ ತಿನ್ನಲು ಕಲಿಯುವ ಕಾಲ ಅದು. ನಮ್ಮ ಮನೆಯಲ್ಲಿ ಬಟ್ಟಲಿನ ಕಾಲು ಭಾಗ ನೆಲಕ್ಕೇ ಸೇರುತ್ತಿತ್ತು.

ಬೆಳಿಗ್ಗೆ ಏಳೂವರೆಗೆ ಚಾ. ಸಣ್ಣ ಅರ್ಧ ಕಪ್ಪು, ಅದರಲ್ಲಿ ಮೂರು ಬಿಸ್ಕೀಟು ಅದ್ದಿ ತಿಂದಳು. ಚಹಾದೊಳಗಿನ ಹಾಲು, ಸಕ್ಕರೆ, ಬಿಸ್ಕೀಟು ಎಲ್ಲ ಕೂಡಿ 115 ಕ್ಯಾಲೊರಿ, ಪ್ರೋಟೀನು 2 ಗ್ರಾಂ. ಹತ್ತಕ್ಕೆ ಕಾಲು ರೊಟ್ಟಿಯನ್ನು ಬ್ಯಾಳಿಯ ತಿಳಿಯಲ್ಲಿ ನೆನೆಸಿದ್ದು. ಅದು 65 ಕ್ಯಾಲೊರಿ, 2 ಗ್ರಾಂ. ಮಧ್ಯಾಹ್ನ ಅನ್ನ ಮತ್ತು ತಿಳಿ ಸಾರು 80 ಕ್ಯಾಲೊರಿ, ಮತ್ತೆ 2 ಗ್ರಾಂ. ನಾಲ್ಕಕ್ಕೆ ಅಂಗಡಿಯ ಖಾರದ ಪಾಕೀಟಿನಿಂದ ನಾಲ್ಕಾರು ಚೂರು, 55 ಕ್ಯಾಲೊರಿ. ಪ್ರೋಟೀನು ಅರ್ಧ ಗ್ರಾಮಿನಷ್ಟು. ಆರಕ್ಕೆ ಮತ್ತೊಮ್ಮೆ ಚಾ ಮತ್ತು ಒಂದು ಬಿಸ್ಕೀಟು, 70 ಕ್ಯಾಲೊರಿ. ರಾತ್ರಿ ಹಾಲನ್ನದ ಮೂರು ತುತ್ತು, 80. ಇವಿಷ್ಟು ಕೂಡಿಸಿದರೆ 465 ಕ್ಯಾಲೊರಿ, ಪ್ರೋಟೀನು ಹತ್ತರ ಹತ್ತಿರ. ನಸುಕಿನಲ್ಲಿ ಒಮ್ಮೆ, ಮಲಗುವಾಗ ಒಮ್ಮೆ ನನ್ನ ಹಾಲು ಕುಡಿಯುತ್ತಾಳೆ. ಅದನ್ನು ಅಳೆಯುವುದಕ್ಕಾಗದು. ಎರಡೂ ಕೂಡಿ 300 ಮಿಲಿ ಎಂದು ಹಿಡಿದರೆ 200 ಕ್ಯಾಲೊರಿ, 3 ಗ್ರಾಂ. ಒಟ್ಟು ದಿನಕ್ಕೆ 665 ಕ್ಯಾಲೊರಿ, 13 ಗ್ರಾಂ ಪ್ರೋಟೀನು.

ಈ ಎರಡು ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹಾಕಿಕೊಟ್ಟ ಲೆಕ್ಕದ ಪ್ರಕಾರ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಬೇಕು, ಪ್ರೋಟೀನು ಸುಮಾರು 12 ಗ್ರಾಂ. ಆ 1000 ಹನ್ನೆರಡು ಕಿಲೋದ ಹತ್ತಿರದ ಮಗುವಿನದು. ಒಂಬತ್ತು ಕಿಲೋದ ನಮ್ಮ ಕೂಸಿಗೆ ಕಿಲೋಗೆ 80ರಂತೆ ಹಿಡಿದರೂ 740 ಬೇಕು. ಹಿಂದುಳಿದ ತೂಕ ಏರಬೇಕಾದರೆ 850 ದಾಟಬೇಕು. ಅಂದರೆ ಪ್ರೋಟೀನಿನ ಲೆಕ್ಕ ಕಾಗದದ ಮೇಲೆ ತುಂಬಿತ್ತು, ಕ್ಯಾಲೊರಿಯ ಲೆಕ್ಕ ತುಂಬಿರಲಿಲ್ಲ. ಮಗು ಬೆಳೆಯುತ್ತಿಲ್ಲ ಎಂದ ಕೂಡಲೇ ನನಗೆ ಬಂದ ಸಲಹೆಗಳೆಲ್ಲ ಪ್ರೋಟೀನಿನ ಡಬ್ಬಿಗಳದ್ದೇ ಆಗಿದ್ದವು. ಒಂದು ಔಷಧಿ ಅಂಗಡಿಯಲ್ಲಿ ಮಗುವಿನ ವಯಸ್ಸು ಮಾತ್ರ ಕೇಳಿ, ಚಾಕಲೇಟ್ ವಾಸನೆಯ ಪುಡಿಯ ಡಬ್ಬಿಯನ್ನು ಮುಂದಿಟ್ಟಿದ್ದರು.

ಇಲ್ಲಿ ಒಂದು ಹಳೆಯ ಕೆಲಸ ನೆನಪಿಸಿಕೊಳ್ಳಬೇಕು. ಐವತ್ತು, ಅರವತ್ತರ ದಶಕಗಳಲ್ಲಿ ಜಗತ್ತಿನ ತಜ್ಞರು ಬಡ ದೇಶದ ಮಕ್ಕಳಿಗೆ ಪ್ರೋಟೀನೇ ಕಡಿಮೆ ಎಂದು ನಂಬಿದ್ದರು. ಆ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಶಾಲೆಗೆ ಹೋಗದ ವಯಸ್ಸಿನ ಹಳ್ಳಿಯ ಮಕ್ಕಳಿಗೆ ಮನೆಯ ಊಟದ ಜೊತೆಗೆ ದಿನಕ್ಕೆ 310 ಕ್ಯಾಲೊರಿಯ, ಆದರೆ ಬರೀ 3 ಗ್ರಾಂ ಪ್ರೋಟೀನಿನ ತಿನಿಸನ್ನು 14 ತಿಂಗಳು ಕೊಟ್ಟರು. ಅದು ಸಿಗದ ಮಕ್ಕಳಿಗಿಂತ ಈ ಮಕ್ಕಳ ಎತ್ತರ, ತೂಕ ಹೆಚ್ಚು ಬೆಳೆದವು. 1973ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಧಾನ್ಯ, ಬೇಳೆಯ ನಮ್ಮ ಊಟದಲ್ಲಿ ಪ್ರೋಟೀನು ಇದೆ. ಮಗು ಸಾಕಷ್ಟು ಉಣ್ಣದೆ ಕ್ಯಾಲೊರಿ ಕಡಿಮೆ ಬಿದ್ದಾಗ ದೇಹವು ಆ ಪ್ರೋಟೀನನ್ನೇ ಉರುವಲಾಗಿ ಸುಟ್ಟುಬಿಡುತ್ತದೆ, ಮಾಂಸ ಕಟ್ಟಲು ಉಳಿಯುವುದಿಲ್ಲ. ಒಲೆಗೆ ಕಟ್ಟಿಗೆ ಸಾಲದಾದಾಗ ಮನೆಯ ಬಾಗಿಲನ್ನೇ ಮುರಿದು ಹಾಕಿದ ಹಾಗೆ. ನಮ್ಮ ಕೂಸಿನ 13 ಗ್ರಾಮಿಗೂ ಆದದ್ದು ಅದೇ.

ಹಾಗಾದರೆ ದಿನವಿಡೀ ಬಾಯಿ ಆಡಿಸುವ ಮಗುವಿಗೆ ಕ್ಯಾಲೊರಿ ಏಕೆ ಸಾಲಲಿಲ್ಲ? ಉತ್ತರ ಹೊಟ್ಟೆಯ ಅಳತೆಯಲ್ಲಿದೆ. ಸಣ್ಣ ಮಗುವಿನ ಹೊಟ್ಟೆ ಒಂದು ಸಲಕ್ಕೆ ಕಿಲೋ ತೂಕಕ್ಕೆ ಸುಮಾರು 30 ಮಿಲಿ ಹಿಡಿಯುತ್ತದೆ. ಒಂಬತ್ತು ಕಿಲೋಗೆ 270 ಮಿಲಿ, ಒಂದು ಬಟ್ಟಲು. ನಾವು ದೊಡ್ಡವರು ತಿಳಿ ಸಾರಿನ ಅನ್ನ ಎರಡು ಸಲ ಹಾಕಿಸಿಕೊಂಡು ಲೆಕ್ಕ ಸರಿ ಮಾಡಿಕೊಳ್ಳಬಹುದು. ಮಗುವಿಗೆ ಎರಡನೆಯ ಸಲ ಎಂಬುದಿಲ್ಲ. ಮೊದಲ ಬಟ್ಟಲಿನಲ್ಲಿ ನೀರಿದ್ದರೆ ಹೊಟ್ಟೆ ನೀರಿನಿಂದ ತುಂಬಿತು, ಊಟ ಮುಗಿಯಿತು.

ಆ ಮಧ್ಯಾಹ್ನದ ಅನ್ನ ಸಾರು 160 ಗ್ರಾಂ ತೂಗಿತ್ತು, ಅದರಲ್ಲಿ ಕ್ಯಾಲೊರಿ 80. ಅಂದರೆ ಗ್ರಾಮಿಗೆ ಅರ್ಧ. ಈ ವಯಸ್ಸಿನ ಮಗುವಿನ ಊಟದಲ್ಲಿ ಗ್ರಾಮಿಗೆ ಒಂದು ಕ್ಯಾಲೊರಿಯಾದರೂ ಇರಲೇಬೇಕು ಎಂದು ನಾನು ಗೊತ್ತು ಮಾಡಿಕೊಂಡೆ. ಅತ್ತಿ ಕೂಸಿಗೆ ಖಾರ ತಾಕಬಾರದೆಂದು ಬ್ಯಾಳಿ ಗಡಿಗೆಯ ಮೇಲಿನ ತಿಳಿಯನ್ನೇ ಮೆಲ್ಲಗೆ ಬಗ್ಗಿಸಿ ಕೊಡುತ್ತಿದ್ದರು. ಬೇಳೆಯ ಸತ್ವವೆಲ್ಲ ಆ ತಿಳಿಗೆ ಇಳಿದಿರುತ್ತದೆ ಎಂಬುದು ಅವರ ಅತ್ತಿಯಿಂದ ಅವರಿಗೆ ಬಂದ ಮಾತು. ಆ ತಿಳಿಯ ಒಂದು ಬಟ್ಟಲನ್ನು ನಾನು ಚಹಾ ಜಾಳಿಗೆಯಲ್ಲಿ ಸೋಸಿ ತೋರಿಸಿದೆ. ಜಾಳಿಗೆಯಲ್ಲಿ ಒಂದು ಚಮಚ ಬೇಳೆಯೂ ನಿಲ್ಲಲಿಲ್ಲ. ತಳದಿಂದ ಒಂದು ಸೌಟು ತೆಗೆದು ಸೋಸಿದರೆ ಜಾಳಿಗೆ ತುಂಬಿತು. ಅತ್ತಿ ಎರಡನ್ನೂ ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತಿಗೆ, “ಹಂಗಾದ್ರ ನಾ ಇಷ್ಟ ದಿನ ಕೂಸಿಗೆ ನೀರ ಕುಡಸೇನಲ್ಲವಾ” ಎಂದರು. ಅವರ ಕಣ್ಣಲ್ಲಿ ನೀರಿತ್ತು. “ನಾನೂ ಹಂಗ ಬೆಳದೀನ್ರಿ ಅತ್ತಿ, ನಿಮ್ಮ ತಪ್ಪಲ್ಲ” ಎಂದೆ. ಒಂದು ಮನೆಯಲ್ಲಿ ಒಬ್ಬರು ತಪ್ಪು ಮಾಡಿದ ಹಾಗೆ ಈ ಲೆಕ್ಕವನ್ನು ಓದಬಾರದು. ಓದಿದರೆ ಉಣಿಸುವ ಕೈ ಹೆದರುತ್ತದೆ, ಹೆದರಿದ ಕೈ ಒತ್ತಾಯ ಮಾಡುತ್ತದೆ.

ಬದಲಾವಣೆ ಸೋಮವಾರ ಶುರುವಾಯಿತು. ಹೊಸ ಸಾಮಾನು ಯಾವುದನ್ನೂ ತರಲಿಲ್ಲ.

ಬೆಳಗಿನ ಚಾ ನಿಂತಿತು. ಚಹಾದಲ್ಲಿರುವ ಒಗರು ರೊಟ್ಟಿ ಬೇಳೆಯ ಕಬ್ಬಿಣಾಂಶವನ್ನು ಹಿಡಿದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಅದರ ಜಾಗಕ್ಕೆ ಗೋಧಿ ರವೆಯ ಸಜ್ಜಕ ಬಂತು. 20 ಗ್ರಾಂ ರವೆ, ಅಂದರೆ ಎರಡು ಚಮಚ ಚೆನ್ನಾಗಿ ತುಂಬಿ, ನೀರಿನಲ್ಲಿ ಬೇಯಿಸಿ ಕೊನೆಗೆ 50 ಮಿಲಿ ಎಮ್ಮೆ ಹಾಲು, ಒಂದು ಸಣ್ಣ ಚಮಚ ತುಪ್ಪ. ಸಜ್ಜಕಕ್ಕೆ ಬೆಲ್ಲ ಇರಲೇಬೇಕು ಎಂಬುದು ನಮ್ಮ ಕಡೆಯ ನಾಲಿಗೆ. ಆದರೆ ಎರಡು ವರ್ಷ ತುಂಬುವ ತನಕ ಸಕ್ಕರೆ, ಬೆಲ್ಲ ಸೇರಿಸಬೇಡಿ ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ಹಾಗಾಗಿ ಸಿಹಿಗೆ ಅರ್ಧ ಬಾಳೆಹಣ್ಣು ಕಿವುಚಿ ಹಾಕಿದೆವು. ಕೂಸು ಬೆಲ್ಲವನ್ನು ಕೇಳಲೇ ಇಲ್ಲ. ಕೇಳಿದವರು ಅವಳ ಅಜ್ಜ. ಈ ಬಟ್ಟಲಿನಲ್ಲಿ 205 ಕ್ಯಾಲೊರಿ, ನಾಲ್ಕೂವರೆ ಗ್ರಾಂ ಪ್ರೋಟೀನು. ಚಾ ಬಿಸ್ಕೀಟಿಗಿಂತ ತೊಂಬತ್ತು ಕ್ಯಾಲೊರಿ ಹೆಚ್ಚು. ಅದರಲ್ಲಿ ನಲವತ್ತೈದು ಆ ಒಂದು ಚಮಚ ತುಪ್ಪದ್ದೇ. ಒಂದು ಗ್ರಾಂ ಹಿಟ್ಟಿನಲ್ಲಿ, ಪ್ರೋಟೀನಿನಲ್ಲಿ ನಾಲ್ಕು ಕ್ಯಾಲೊರಿಯಾದರೆ ಜಿಡ್ಡಿನಲ್ಲಿ ಒಂಬತ್ತು. ಬಟ್ಟಲು ದೊಡ್ಡದು ಮಾಡದೆ ಊಟ ದೊಡ್ಡದು ಮಾಡುವ ದಾರಿ ಅದು.

ಹತ್ತೂವರೆಗೆ ನಾಲ್ಕು ಚಮಚ ಗಟ್ಟಿ ಮೊಸರು. 60 ಕ್ಯಾಲೊರಿ, 2 ಗ್ರಾಂ. ನಮ್ಮ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ತಿನ್ನುವ ಮನೆಯಾದರೆ ಈ ಹೊತ್ತಿಗೆ ಒಂದು ಬೇಯಿಸಿದ ತತ್ತಿ ಕೊಟ್ಟರೆ 70 ಕ್ಯಾಲೊರಿ, ಪ್ರೋಟೀನು 6 ಗ್ರಾಂ ಒಂದೇ ಸಲಕ್ಕೆ ಬರುತ್ತದೆ. ಅದಕ್ಕೆ ಸಮನಾದುದು ನಮ್ಮ ಅಡುಗೆಮನೆಯಲ್ಲಿ ಇನ್ನೊಂದಿಲ್ಲ, ಇದನ್ನು ಒಪ್ಪಲೇಬೇಕು.

ಮಧ್ಯಾಹ್ನದ್ದು ಮುಟಗಿ. ಇದು ಅತ್ತಿಯ ಯೋಚನೆ. ವಿಜಯಪುರದ ಕಡೆಯ ಮನೆಗಳಲ್ಲಿ ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಹಸಿ ಖಾರ, ಎಣ್ಣೆ ಹಾಕಿ ಕುಟ್ಟಿ ಮುಷ್ಟಿಯಲ್ಲಿ ಹಿಸುಕಿ ಕೊಡುವ ಮುಟಗಿ ದೊಡ್ಡವರ ತಿಂಡಿ. ಅತ್ತಿ ಅದನ್ನು ಕೂಸಿನ ಕೈಯ ಅಳತೆಗೆ ಇಳಿಸಿದರು. ಖಾರವಿಲ್ಲ, ಉಪ್ಪು ಚಿಟಿಕೆಗೂ ಕಡಿಮೆ. ಬಿಳಿಜೋಳದ ಬಿಸಿ ರೊಟ್ಟಿಯ ಮೂರನೇ ಒಂದು ಭಾಗ, ಅಂದರೆ 20 ಗ್ರಾಂ ಹಿಟ್ಟಿನದು, ಒಂದು ಚಮಚ ತುಪ್ಪ ಹಾಕಿ ಒರಳಲ್ಲಿ ಮೆತ್ತಗೆ ಕುಟ್ಟುವುದು. ಅದಕ್ಕೆ ಗಡಿಗೆಯ ತಳದ ಗಟ್ಟಿ ಹೆಸರು ಬ್ಯಾಳಿ, ಒಣಗಿದ ಲೆಕ್ಕದಲ್ಲಿ 15 ಗ್ರಾಂ. ಒಂದು ಹಿಡಿ ಮೆಂತೆಯ ಪಲ್ಲೆ ಬೇಯಿಸಿ ಕಿವುಚಿದ್ದು. ಎಲ್ಲ ಕೂಡಿ 110 ಗ್ರಾಂ ತೂಗುತ್ತದೆ, 165 ಕ್ಯಾಲೊರಿ, ಐದೂವರೆ ಗ್ರಾಂ ಪ್ರೋಟೀನು. ಮೊನ್ನೆಯ ಅನ್ನ ಸಾರಿಗಿಂತ ನೂರಕ್ಕೆ ಮೂವತ್ತು ಪಾಲು ಸಣ್ಣ ಊಟ, ಕ್ಯಾಲೊರಿ ಅದರ ಎರಡರಷ್ಟು.

ಜೋಳದ ವಿಷಯದಲ್ಲಿ ಒಂದು ಎಚ್ಚರ ಬೇಕು. ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ 10 ಗ್ರಾಂ ಪ್ರೋಟೀನು ಎಂದು ಪಟ್ಟಿಗಳಲ್ಲಿ ಇರುತ್ತದೆ, ಅದು ನಿಜ. ಆದರೆ ಜೋಳದ ಪ್ರೋಟೀನು ನೀರಿನಲ್ಲಿ ಬೆಂದಾಗ ಒಂದಕ್ಕೊಂದು ಗಂಟು ಬಿದ್ದು ಜೀರ್ಣವಾಗುವುದು ಕಷ್ಟವಾಗುತ್ತದೆ. ಲೈಸಿನ್ ಎಂಬ, ಬೆಳವಣಿಗೆಗೆ ಬೇಕೇಬೇಕಾದ ಅಂಶವೂ ಅದರಲ್ಲಿ ಕಡಿಮೆ. ಬೇಳೆಯಲ್ಲಿ ಅದೇ ಅಂಶ ಹೇರಳ. ಆದ್ದರಿಂದ ಮಗುವಿಗೆ ಬರಿಯ ರೊಟ್ಟಿಯ ಪ್ರೋಟೀನನ್ನು ಪೂರ್ತಿ ಜಮಾ ಹಿಡಿಯಬಾರದು, ರೊಟ್ಟಿಯೂ ಬೇಳೆಯೂ ಒಂದೇ ಹೊತ್ತಿನ ಬಟ್ಟಲಿನಲ್ಲಿ ಕೂಡಬೇಕು. ಅದಕ್ಕೆಂದೇ ಆ 15 ಗ್ರಾಂ ಬೇಳೆಯ ಮೇಲೆ ನಾನು ಹಟ ಹಿಡಿದೆ. ಮೇಲೆ ಅರ್ಧ ನಿಂಬೆಯ ನಾಲ್ಕು ಹನಿ. ನಿಂಬೆಹಣ್ಣಿಗೆ ಹೆಸರಾದ ಇಂಡಿ ತಾಲೂಕಿನಲ್ಲಿದ್ದುಕೊಂಡು ಆ ಹನಿಗೆ ಬರವಿಲ್ಲ. ನಿಂಬೆಯ ಹುಳಿ, ಅದರ ಸಿ ಜೀವಸತ್ವ, ಚಹಾದ ಒಗರು ಕೆಡಿಸುವ ಕಬ್ಬಿಣಾಂಶವನ್ನು ತಿರುಗಿ ದೇಹಕ್ಕೆ ಸೇರುವಂತೆ ಮಾಡುತ್ತದೆ. ಹನಿಯನ್ನು ಬಿಸಿ ಆರಿದ ಮೇಲೆ ಹಾಕಬೇಕು.

ನಾಲ್ಕು ಗಂಟೆಗೆ ಅಂಗಡಿಯ ಪಾಕೀಟಿನ ಜಾಗದಲ್ಲಿ ಹುರಿದ ಶೇಂಗಾದ ಪುಡಿ, ಎರಡು ಸಣ್ಣ ಚಮಚ, ಅರ್ಧ ಬಾಳೆಹಣ್ಣಿಗೆ ಕಲಸಿದ್ದು. 90 ಕ್ಯಾಲೊರಿ, 3 ಗ್ರಾಂ. ಶೇಂಗಾ ಇಡಿ ಕಾಳು ಈ ವಯಸ್ಸಿಗೆ ಎಂದೂ ಕೊಡಬಾರದು, ಒಡೆದ ಬೇಳೆಯೂ ಬೇಡ. ಹಿಂದಿನ ಹಲ್ಲು ಮೂಡದ ಮಗು ಅದನ್ನು ಅಗಿಯಲಾರದು, ನಗುವಾಗ ಓಡುವಾಗ ಶ್ವಾಸನಾಳಕ್ಕೆ ಇಳಿಯುತ್ತದೆ. ಪುಡಿಯನ್ನು ಕೂಡ ಒಣಗಿದ್ದನ್ನೇ ಬಾಯಿಗೆ ಹಾಕದೆ ಹಣ್ಣಿಗೋ ಮೊಸರಿಗೋ ಕಲಸಬೇಕು. ಮೊದಲ ದಿನ ತುದಿ ಬೆರಳಿನಷ್ಟು ಕೊಟ್ಟು ಮೈಮೇಲೆ ದದ್ದು, ವಾಂತಿ ಆಗುವುದೋ ಎಂದು ನೋಡಿ ಮುಂದುವರಿದೆವು. ಕಡಲೆಯ ಪುಠಾಣಿಯ ಪುಡಿಯೂ ಆದೀತು. ಪ್ರೋಟೀನು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಜಿಡ್ಡು ಮಾತ್ರ ಶೇಂಗಾದಷ್ಟಿಲ್ಲ.

ರಾತ್ರಿ ಕಿಚಡಿ. ಅಕ್ಕಿ ಎರಡು ಪಾಲು, ಹೆಸರು ಬ್ಯಾಳಿ ಒಂದು ಪಾಲು, ಕುಂಬಳದ ಚೂರು, ತುಪ್ಪ. 30 ಗ್ರಾಂ ಒಣ ಸಾಮಾನಿನಿಂದ 158 ಕ್ಯಾಲೊರಿ, 4 ಗ್ರಾಂ. ಈ ಐದು ಹೊತ್ತಿನ ಜೊತೆ ನನ್ನ ಹಾಲಿನ ಎರಡು ಹೊತ್ತು ಸೇರಿಸಿದರೆ ದಿನಕ್ಕೆ 880ರ ಹತ್ತಿರ ಕ್ಯಾಲೊರಿ, 22 ಗ್ರಾಂ ಪ್ರೋಟೀನು. ಪ್ರೋಟೀನಿಗೆಂದು ವಿಶೇಷವಾಗಿ ಏನನ್ನೂ ಕೊಂಡು ತಂದಿರಲಿಲ್ಲ. ಕ್ಯಾಲೊರಿ ಏರಿಸಲು ಹೊರಟಾಗ ಬೇಳೆ, ಮೊಸರು, ಶೇಂಗಾದ ಜೊತೆ ಅದೂ ತಾನಾಗಿ ಬಂತು. ಎದೆಹಾಲು ಬಿಟ್ಟ ಮಗುವಾದರೆ ಆ 200 ಕ್ಯಾಲೊರಿಯ ಜಾಗಕ್ಕೆ ಎಮ್ಮೆ ಹಾಲು 200 ಮಿಲಿ ಸಾಕು. ದಿನಕ್ಕೆ ಅರ್ಧ ಲೀಟರು ಮೀರಬಾರದು. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆಂಬಷ್ಟು ಕಡಿಮೆ. ಹಾಲಿನ ಬಾಟಲಿಯಲ್ಲೇ ಹೊಟ್ಟೆ ತುಂಬಿದ ಮಗು ದುಂಡಗೆ ಕಂಡರೂ ಕಣ್ಣಿನ ಒಳಗಿನ ಕೆಂಪು ಬಿಳಚಿರುತ್ತದೆ.

ಮೂರನೆಯ ದಿನವೇ ತೊಡಕು ಬಂತು. ಸಜ್ಜಕ ಗಟ್ಟಿಯಾದಷ್ಟೂ ಕೂಸು ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂತುಬಿಡುತ್ತಿದ್ದಳು. ನುಂಗಲು ಕಷ್ಟ. ಅತ್ತಿ ಮತ್ತೆ ನೀರು ಹಾಕಲು ಕೈ ಚಾಚಿದರು. ತಿಳಿ ಮಾಡಿದರೆ ಸತ್ವ ಹೋಯಿತು, ಗಟ್ಟಿ ಮಾಡಿದರೆ ಮಗು ನುಂಗದು. ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ವಿದ್ಯಾರ್ಥಿಗಳು ಎಂಬತ್ತರ ದಶಕದಲ್ಲಿ ಇದೇ ತೊಡಕನ್ನು ಬಿಡಿಸಲು ಕೆಲಸ ಮಾಡಿದ್ದರು. ಅವರು ಹಿಡಿದ ದಾರಿ ಮೊಳಕೆಯ ಹಿಟ್ಟು. ಕಾಳು ಮೊಳೆಯುವಾಗ ಅದರೊಳಗೆ ಗಂಜಿಯನ್ನು ಕತ್ತರಿಸುವ ಒಂದು ಕಿಣ್ವ ಹುಟ್ಟುತ್ತದೆ. ಬೆಂದ ಗಟ್ಟಿ ಗಂಜಿಗೆ ಆ ಹಿಟ್ಟು ಒಂದು ಚಮಚ ಬೆರೆತರೆ ಗಂಜಿಯ ಉದ್ದನೆಯ ಎಳೆಗಳು ತುಂಡಾಗಿ, ನೀರು ಸೇರಿಸದೆಯೇ ಅದು ಸಡಿಲಾಗಿ ಹರಿಯತೊಡಗುತ್ತದೆ. ಕ್ಯಾಲೊರಿ ಅಷ್ಟೇ ಇರುತ್ತದೆ, ನುಂಗುವುದು ಮಾತ್ರ ಹಗುರಾಗುತ್ತದೆ.

ನಾವು ಮಾಡಿದ್ದು ಹೀಗೆ. ಅರ್ಧ ಕಿಲೋ ಗೋಧಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಅರಿವೆಯಲ್ಲಿ ಕಟ್ಟಿ ತೂಗುಹಾಕಿದೆವು. ದಿನಕ್ಕೆ ಎರಡು ಸಲ ನೀರು ಚಿಮುಕಿಸಿದೆವು. ಎರಡು ದಿನಕ್ಕೆ ಅರ್ಧ ಬೆರಳು ಮೊಳಕೆ ಬಂತು. ಬಿಸಿಲಿನಲ್ಲಿ ಪೂರಾ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಬೇರನ್ನೆಲ್ಲ ಉದುರಿಸಿ, ಹಂಚಿನ ಮೇಲೆ ಬೆಚ್ಚಗಾಗುವಷ್ಟು ಮಾತ್ರ ಆಡಿಸಿ ಬೀಸಿದೆವು. ಇಲ್ಲಿ ತಪ್ಪುವುದು ಸುಲಭ. ಘಮ ಬರಲಿ ಎಂದು ಕೆಂಪಗೆ ಹುರಿದರೆ ಕಿಣ್ವ ಸುಟ್ಟುಹೋಗುತ್ತದೆ, ಆ ಹಿಟ್ಟು ಬರಿಯ ಹಿಟ್ಟಾಗಿ ಉಳಿಯುತ್ತದೆ. ಮನೆತುಂಬ ಜೋಳವಿರುವಾಗ ಗೋಧಿ ಯಾಕೆ ಎಂದು ಅತ್ತಿ ಕೇಳಿದರು. ಜೋಳದ ಎಳೆಯ ಮೊಳಕೆಯಲ್ಲಿ ವಿಷದ ಅಂಶ ಇರುತ್ತದೆ, ಎಳೆ ಜೋಳದ ಚಿಗುರು ಮೇದ ದನ ಒದ್ದಾಡುವುದು ಅದಕ್ಕೇ ಎಂದೆ. ಅವರಿಗೆ ಮುಂದಿನ ಮಾತು ಬೇಕಾಗಲಿಲ್ಲ. ಅಂಥ ದನವನ್ನು ಅವರು ನೋಡಿದ್ದರು.

ಸಜ್ಜಕ ಬೆಂದು ಇಳಿಸಿದ ಮೇಲೆ, ಕುದಿ ನಿಂತು ಇನ್ನೂ ಬಿಸಿಯಿರುವಾಗ ಒಂದು ಸಣ್ಣ ಚಮಚ ಹಿಟ್ಟು ಹಾಕಿ ತಿರುವಬೇಕು. ಕುದಿಯುವಾಗಲೇ ಹಾಕಿದರೆ ಕಿಣ್ವ ಸಾಯುತ್ತದೆ, ಪೂರಾ ಆರಿದ ಮೇಲೆ ಹಾಕಿದರೆ ಕೆಲಸ ಮಾಡುವುದಿಲ್ಲ. ಎರಡು ಮೂರು ನಿಮಿಷಕ್ಕೆ ಗಂಜಿ ಸಡಿಲಾಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಮತ್ತೊಮ್ಮೆ ಒಂದು ಕುದಿ ಕೊಟ್ಟು ಇಳಿಸಬೇಕು, ಮೊಳಕೆಯಲ್ಲಿ ಸೇರಿಕೊಂಡ ಕೆಟ್ಟ ಕ್ರಿಮಿಗಳು ಹೋಗಲೆಂದು. ಕೂಸು ಮೊದಲ ಸಲ ಬಟ್ಟಲು ಖಾಲಿ ಮಾಡಿದ್ದು ಆ ದಿನ.

ಮೊಳಕೆಯ ಹಿಟ್ಟು ಇಲ್ಲದ ಊಟಕ್ಕೆ ಅಳತೆ ಹೇಗೆ? ಎಲ್ಲ ತಾಯಂದಿರೂ ತಕ್ಕಡಿ ಹಿಡಿದು ಕೂಡಲಾಗದು, ನಾನೂ ಒಂದು ವಾರದ ಮೇಲೆ ತಕ್ಕಡಿಯನ್ನು ಒಳಗಿಟ್ಟೆ. ಪರೀಕ್ಷೆ ಇಷ್ಟೇ: ಚಮಚ ತುಂಬಿ ವಾರೆ ಮಾಡಬೇಕು. ಊಟ ಥಟ್ಟನೆ ಜಾರಿ ಬಿದ್ದರೆ ನೀರು ಹೆಚ್ಚಾಗಿದೆ. ಅಂಟಿಕೊಂಡು ನಿಂತು ಮೆಲ್ಲಗೆ ಇಳಿದರೆ ಸರಿ. ಅಂಕಿಗಳನ್ನು ನಾನು ಬಳಸುವುದು ಬಟ್ಟಲಿನಲ್ಲಿ ಏನಿರಬೇಕು ಎಂದು ಗೊತ್ತು ಮಾಡುವುದಕ್ಕೆ ಮಾತ್ರ, ಮಗು ಎಷ್ಟು ತಿನ್ನಬೇಕು ಎಂದು ಹಿಡಿದು ಕೂಡಿಸುವುದಕ್ಕಲ್ಲ. ಈ ಎಲ್ಲ ಅಂಕಿಗಳಲ್ಲೂ ಐದಕ್ಕೆ ಒಂದು ಪಾಲು ಆಚೆ ಈಚೆ ಇರುತ್ತದೆ. ಎಮ್ಮೆಯ ಮೇವು ಬದಲಾದರೆ ಹಾಲಿನ ಜಿಡ್ಡು ಬದಲಾಗುತ್ತದೆ, ಒಬ್ಬರ ರೊಟ್ಟಿ ಇನ್ನೊಬ್ಬರದಕ್ಕಿಂತ ದಪ್ಪ. ಇದರ ಮೇಲೆ ಮಗುವಿನ ಹಸಿವು ಒಂದು ದಿನ 900, ಮರುದಿನ 600. ಸಂಜೆ ಕೂತು ದಿನದ ಲೆಕ್ಕ ನೋಡಿದರೆ ಎದೆ ಒಡೆಯುತ್ತದೆ. ವಾರದ್ದು ಕೂಡಿಸಿ ಏಳರಿಂದ ಭಾಗಿಸಿದರೆ ಸರಿಯಾಗಿಯೇ ಬಂದಿರುತ್ತದೆ. ಬಾಯಿ ತಿರುಗಿಸಿದ ಮಗುವಿಗೆ ಮೊಬೈಲು ತೋರಿಸಿ ತುರುಕುವುದನ್ನು ನಾವು ಎರಡು ದಿನ ಮಾಡಿ ನೋಡಿ ಬಿಟ್ಟೆವು. ಅವಳು ತುತ್ತನ್ನು ನೋಡುವುದನ್ನೇ ಮರೆತಳು.

ತೂಕವನ್ನೂ ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ, ಊಟಕ್ಕೆ ಮುಂಚೆ, ಅಂಗಿ ಬಿಚ್ಚಿ ನೋಡಬೇಕು. ಒಂದು ಬಟ್ಟಲು ಸಜ್ಜಕ, ಒಂದು ಒದ್ದೆ ಚಡ್ಡಿ ಸೇರಿದರೆ 250 ಗ್ರಾಂ. ಒಂದು ತಿಂಗಳ ಬೆಳವಣಿಗೆಯೇ ಅಷ್ಟು. ಅಕ್ಕೋರು ತೂಕದ ಜೊತೆ ತೋಳಿನ ಪಟ್ಟಿಯನ್ನೂ ಸುತ್ತಿ ನೋಡುತ್ತಾರೆ. ಹನ್ನೆರಡೂವರೆ ಸೆಂಟಿಮೀಟರು ಮೇಲಿದ್ದರೆ ಹಸಿರು. ಹನ್ನೊಂದೂವರೆಗಿಂತ ಕೆಳಗಾದರೆ ಕೆಂಪು. ಅಂಥ ಮಗುವಿಗೆ ಮನೆಯ ಬಟ್ಟಲಿನ ತಿದ್ದುಪಡಿ ಸಾಲದು, ದವಾಖಾನೆಗೆ ಕರೆದೊಯ್ಯಬೇಕು. ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಒಯ್ಯಲು ಆಹಾರ ಕೊಡುತ್ತಾರೆ. ಅದು ಮನೆಯ ಡಬ್ಬಿಯಲ್ಲಿ ಬಿದ್ದು ಎಲ್ಲರ ಪಾಲಾಗುವುದುಂಟು. ನಮ್ಮಲ್ಲೂ ಹಾಗೇ ಆಗುತ್ತಿತ್ತು. ಈಗ ಅತ್ತಿ ಅದಕ್ಕೊಂದು ಬೇರೆ ಡಬ್ಬಿ ಇಟ್ಟಿದ್ದಾರೆ. ಅದು ಕೂಸಿನದು, ಯಾರೂ ಕೈ ಹಾಕುವಂತಿಲ್ಲ.

ಮುಂದಿನ ತಿಂಗಳು ಚುಕ್ಕೆ 9 ಕಿಲೋ 500ಕ್ಕೆ ಬಿತ್ತು. ಅದರ ಮುಂದಿನದು 9 ಕಿಲೋ 900. ಆಮೇಲೆ ದವಡೆ ಹಲ್ಲು ಬರುವ ಹೊತ್ತಿಗೆ ಒಂದು ವಾರ ಭೇದಿ ಹಿಡಿದು ಮತ್ತೆ 9 ಕಿಲೋ 700ಕ್ಕೆ ಇಳಿದಳು. ಭೇದಿಯಲ್ಲಿ ಊಟ ನಿಲ್ಲಿಸಬಾರದೆಂದು ಗೊತ್ತಿದ್ದರಿಂದ ಸಕ್ಕರೆ ಉಪ್ಪಿನ ದ್ರಾವಣದ ಜೊತೆಗೆ ಕಿಚಡಿಯನ್ನು ಮೂರು ಮೂರು ಚಮಚದಂತೆ ಕೊಡುತ್ತ ಹೋದೆವು. ವಾಸಿಯಾದ ಮೇಲೆ ಹದಿನೈದು ದಿನ ದಿನಕ್ಕೊಂದು ಹೊತ್ತು ಹೆಚ್ಚು ಉಣಿಸಿದೆವು, ತಿಂಗಳಿಗೆ 10 ಕಿಲೋ 100 ಆಯಿತು.

ನಿನ್ನೆ ಶಾಲೆಯಿಂದ ಬಂದಾಗ ಕಟ್ಟೆಯ ಮೇಲೆ ಬಾಜೂ ಮನೆಯ ಸೊಸೆ ತನ್ನ ಹತ್ತು ತಿಂಗಳ ಗಂಡುಮಗುವಿಗೆ ಬಟ್ಟಲು ಹಿಡಿದು ಕೂತಿದ್ದಳು. ಅತ್ತಿ ನಮ್ಮ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಗ್ಗಿ ಅವಳ ಕೈಯ ಚಮಚ ಇಸಿದುಕೊಂಡು, ಅದನ್ನು ಬಟ್ಟಲಿನ ಮೇಲೆ ವಾರೆ ಮಾಡಿ ಹಿಡಿದರು. ಸಾರು ಒಂದೇ ಸಲಕ್ಕೆ ಸುರಿದುಹೋಯಿತು.

“ನೋಡ್ಯಾ? ಇದು ನಿಂದ್ರಬೇಕವಾ” ಎಂದು ಆಕೆಯನ್ನು ಎಬ್ಬಿಸಿಕೊಂಡು, ನಮ್ಮ ಒಲೆಯ ಮೇಲಿದ್ದ ಗಡಿಗೆಯ ತಳದಿಂದ ಒಂದು ಸೌಟು ಬ್ಯಾಳಿ ಹಾಕಿಕೊಡಲು ಒಳಗೆ ನಡೆದರು.